ಬುಕಿಂಗ್ ಕ್ಯಾನ್ಸಲ್ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಅಂತ ಬರೀಬೇಡಿ

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟ್‌ನಲ್ಲಿ 72 ಲಕ್ಷದ ಫ್ಲಾಟ್ ಬುಕ್ ಮಾಡಿದ್ದೆ. ಎರಡು ಕಂತಲ್ಲಿ 5 ಲಕ್ಷ ಕೊಟ್ಟು ನಾಲ್ಕು ತಿಂಗಳಾಯ್ತು, ಅಗ್ರಿಮೆಂಟ್ ಇನ್ನೂ ಆಗಿಲ್ಲ. ಪ್ರಾಜೆಕ್ಟ್‌ನ ಲೀಗಲ್ ಸರಿ ಇಲ್ಲ ಅಂತ ಬ್ಯಾಂಕ್‌ನವರು ಲೋನ್ ಕೊಡಲಿಲ್ಲ. ಹಣ ವಾಪಸ್ ಕೇಳಿದರೆ, ನಮ್ಮ ಫಾರ್ಮ್ಯಾಟ್‌ನಲ್ಲಿ ಕ್ಯಾನ್ಸಲೇಶನ್ ಲೆಟರ್ ಬರೆದು ಸಹಿ ಮಾಡಿ, ಒರಿಜಿನಲ್ ರಸೀದಿ ತಂದುಕೊಡಿ ಅಂತಾರೆ. ಅದರಲ್ಲಿ ‘ವೈಯಕ್ತಿಕ ಕಾರಣಗಳಿಂದ ರದ್ದು ಮಾಡುತ್ತಿದ್ದೇನೆ’ ಅಂತ ಪ್ರಿಂಟ್ ಆಗಿಯೇ ಇದೆ. ಸಹಿ ಹಾಕಲಾ?

ಉತ್ತರ: ಬೇಡ. ಆ ಒಂದು ಸಾಲಿನ ಬೆಲೆ 5 ಲಕ್ಷ.

ಯಾಕೆ ಅಂತ ಹೇಳ್ತೀನಿ. ಫ್ಲಾಟ್ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯಡಿ ಕರ್ನಾಟಕ ಮಾಡಿರುವ ನಿಯಮಗಳ ಜೊತೆ ಒಂದು ಮಾದರಿ ಅಗ್ರಿಮೆಂಟ್ ಇದೆ. ಬಿಲ್ಡರ್ ಕಡೆಯಿಂದ ಯಾವ ತಪ್ಪೂ ಇಲ್ಲದೆ ಕೊಳ್ಳುವವರೇ ಹಿಂದೆ ಸರಿದರೆ ಬುಕಿಂಗ್ ಮೊತ್ತ ಮುಟ್ಟುಗೋಲು ಹಾಕಿಕೊಳ್ಳಬಹುದು ಅಂತ ಅದರಲ್ಲೇ ಇದೆ. ಅದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಮಿಕ್ಕಿದ್ದು ಮಾತ್ರ ವಾಪಸ್. ನಿಮ್ಮ ಅಪ್ಲಿಕೇಶನ್ ಫಾರ್ಮ್‌ನ ಹಿಂಬದಿಯ ಸಣ್ಣಕ್ಷರದಲ್ಲೂ ಬಹುಶಃ ಇದೇ ಮಾತು ಇರುತ್ತೆ, ಒಮ್ಮೆ ತಿರುಗಿಸಿ ನೋಡಿ. ನೀವು ಕೊಟ್ಟಿರೋದೆಲ್ಲ ಬುಕಿಂಗ್ ಮೊತ್ತವೇ. ‘ವೈಯಕ್ತಿಕ ಕಾರಣ’ ಅಂತ ಸಹಿ ಹಾಕಿದರೆ, ತಪ್ಪು ಅವರದ್ದಲ್ಲ ಅಂತ ನೀವೇ ಬರೆದುಕೊಟ್ಟ ಹಾಗಾಯ್ತು ಅಲ್ವಾ?

ಇಲ್ಲಿ ತುಂಬಾ ಜನ ಎಡವುವ ಇನ್ನೊಂದು ವಿಷಯ ಇದೆ. ‘10 ಪರ್ಸೆಂಟ್‌ಗಿಂತ ಜಾಸ್ತಿ ಹಿಡ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ’ ಅಂತ ಸ್ನೇಹಿತರು ಯಾರಾದ್ರೂ ಧೈರ್ಯ ಹೇಳಿರಬಹುದು. 2025ರ ಫೆಬ್ರವರಿಯಲ್ಲಿ ಅಂಥ ತೀರ್ಪು ಬಂದಿದ್ದು ನಿಜ. ಆ ಕೇಸಲ್ಲಿ ಬಿಲ್ಡರ್ ಮೂಲ ಬೆಲೆಯ 20 ಪರ್ಸೆಂಟ್ ಹಿಡಿಯುತ್ತೇನೆ ಅಂದಿದ್ದರು, ಕೋರ್ಟ್ 10ಕ್ಕೆ ನಿಲ್ಲಿಸಿತು. ಆದರೆ ನಿಮ್ಮ ಲೆಕ್ಕ ಹಾಕಿ ನೋಡಿ: 72 ಲಕ್ಷಕ್ಕೆ 10 ಪರ್ಸೆಂಟ್ ಅಂದ್ರೆ 7 ಲಕ್ಷ 20 ಸಾವಿರ, ನೀವು ಕೊಟ್ಟಿರೋದು 5 ಲಕ್ಷ. ಆ ತೀರ್ಪು ಹಿಡ್ಕೊಂಡು ಹೋದ್ರೆ ಎದುರಿನ ವಕೀಲರಿಗೇ ಅನುಕೂಲ. ರೇರಾ ಕಾಯ್ದೆಯ 13ನೇ ಸೆಕ್ಷನ್ ಕೂಡ ನಿಮಗೆ ಅಷ್ಟಾಗಿ ಕೆಲಸಕ್ಕೆ ಬರಲ್ಲ. ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ 10 ಪರ್ಸೆಂಟ್‌ಗಿಂತ ಹೆಚ್ಚು ತಗೋಬಾರದು ಅಂತ ಅದು ಹೇಳುತ್ತೆ, ಅವರು ತಗೊಂಡಿರೋದು 7 ಪರ್ಸೆಂಟ್ ಹತ್ತಿರ. ಜಾಣರು, ಲೆಕ್ಕ ಗೊತ್ತಿದ್ದೇ ತಗೊಂಡಿರ್ತಾರೆ.

ಹಾಗಾಗಿ ನಿಮ್ಮ ಬಲ ಇರೋದು ಒಂದೇ ಕಡೆ, ಬ್ಯಾಂಕ್ ಬೇಡ ಅಂದ ಕಾರಣದಲ್ಲಿ. ನಿಮ್ಮ ಸಂಬಳ ಸಾಲದು ಅಂತಲೋ ಸಿಬಿಲ್ ಸ್ಕೋರ್ ಕಡಿಮೆ ಅಂತಲೋ ಲೋನ್ ನಿಂತಿದ್ದರೆ ಅದು ನಿಮ್ಮ ಕಡೆಯ ತೊಂದರೆ. ಜಾಗದ ಕಾಗದದಲ್ಲಿ ಕೊರತೆ ಅಂತ ನಿಂತಿದ್ದರೆ ಅದು ಅವರದ್ದು. ನನ್ನ ಹತ್ತಿರ ಬಂದ ಒಂದು ಕೇಸಲ್ಲಿ, ಜಮೀನಿನ ಮೂಲ ಮಾಲೀಕರ ಮನೆಯ ವಿಭಾಗ ಪತ್ರಕ್ಕೆ ನಾಲ್ಕು ಮಕ್ಕಳ ಪೈಕಿ ಒಬ್ಬ ಮಗಳ ಸಹಿಯೇ ಇರಲಿಲ್ಲ. ವಂಶವೃಕ್ಷದಲ್ಲಿ ಹೆಸರಿದೆ, ಪತ್ರದಲ್ಲಿ ಸಹಿ ಇಲ್ಲ. ಬ್ಯಾಂಕಿನ ವಕೀಲರು ಅಷ್ಟಕ್ಕೇ ಫೈಲ್ ವಾಪಸ್ ಕಳಿಸಿದ್ದರು. ಬಿಲ್ಡರ್ ಮಾತ್ರ ಕೊನೆವರೆಗೂ ‘ಬೇರೆ ಬ್ಯಾಂಕ್ ಟ್ರೈ ಮಾಡಿ ಸಾರ್’ ಅಂತಲೇ ಇದ್ದರು.

ಮೊದಲ ಕೆಲಸ, ಬ್ಯಾಂಕಿನಿಂದ ಕಾರಣ ಬರವಣಿಗೆಯಲ್ಲಿ ತಗೊಳ್ಳಿ. ಲೀಗಲ್ ಒಪೀನಿಯನ್‌ನ ಪ್ರತಿ ಸಾಮಾನ್ಯವಾಗಿ ಕೊಡಲ್ಲ, ಅದಕ್ಕೆ ಜಗಳ ಮಾಡಬೇಡಿ. ‘ನನ್ನ ಅರ್ಜಿ ತಿರಸ್ಕಾರ ಆಗಿದ್ದು ನನ್ನ ಆದಾಯದ ಕಾರಣಕ್ಕೋ, ಪ್ರಾಜೆಕ್ಟ್ ದಾಖಲೆಗಳ ಕಾರಣಕ್ಕೋ, ದಯವಿಟ್ಟು ತಿಳಿಸಿ’ ಅಂತ ಲೋನ್ ಆಫೀಸರ್‌ಗೆ ಒಂದು ಇಮೇಲ್ ಹಾಕಿ. ಒಂದೇ ಸಾಲಿನ ಉತ್ತರ ಬಂದರೂ ಸಾಕು.

ಎರಡನೆಯದು, ಕ್ಯಾನ್ಸಲ್ ಮಾಡೋ ಮುಂಚೆ ಬಿಲ್ಡರ್‌ಗೆ ಒಂದು ಇಮೇಲ್. ಮಂಜೂರಾದ ಪ್ಲಾನ್ ಮತ್ತು ಬ್ಯಾಂಕ್ ಕೇಳಿದ ಮೂಲ ದಾಖಲೆಗಳನ್ನು 7 ದಿನದಲ್ಲಿ ಕೊಡಿ ಅಂತ ಕೇಳಿ. ಮಂಜೂರಾದ ಪ್ಲಾನಿನ ಮಾಹಿತಿ ಪಡೆಯೋದು ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನಿಮ್ಮ ಹಕ್ಕು. ಕೊಟ್ಟರೆ ಬ್ಯಾಂಕಿಗೆ ತೋರಿಸಿ, ಲೋನ್ ಆದರೂ ಆಗಬಹುದು. ಕೊಡದೇ ಸುಮ್ನೆ ಕೂತರೆ, ಆ ಮೌನವೇ ನಿಮ್ಮ ಪತ್ರಕ್ಕೆ ಎರಡನೇ ಆಧಾರ.

ಆಮೇಲೆ ಪತ್ರ. ಅವರ ಫಾರ್ಮ್ಯಾಟ್ ಬಿಡಿ, ನಿಮ್ಮದೇ ಬಿಳಿ ಹಾಳೆ ತಗೊಳ್ಳಿ. ಮೇಲೆ ಫ್ಲಾಟ್ ನಂಬರ್, ಅಪ್ಲಿಕೇಶನ್ ನಂಬರ್, ಪ್ರಾಜೆಕ್ಟ್‌ನ ರೇರಾ ನೋಂದಣಿ ಸಂಖ್ಯೆ. ಎರಡೂ ಕಂತಿನ ತಾರೀಖು ಮತ್ತು ಬ್ಯಾಂಕ್ ಟ್ರಾನ್ಸಾಕ್ಷನ್ ನಂಬರ್ ಬೇರೆ ಬೇರೆ ಬರೀರಿ. ಜೀವಾಳ ಇರೋದು ಈ ಪ್ಯಾರಾದಲ್ಲಿ:

‘ಪ್ರಾಜೆಕ್ಟ್‌ನ ಹಕ್ಕು ದಾಖಲೆಗಳು ಪೂರ್ಣವಾಗಿಲ್ಲ ಎಂಬ ಕಾರಣಕ್ಕೆ ಬ್ಯಾಂಕ್ ನನ್ನ ಸಾಲದ ಅರ್ಜಿಯನ್ನು ತಿರಸ್ಕರಿಸಿದೆ (ಪ್ರತಿ ಲಗತ್ತಿಸಿದೆ). ಆ ದಾಖಲೆಗಳನ್ನು ಇಮೇಲ್ ಮೂಲಕ ಕೇಳಿದ್ದರೂ ನೀವು ಕೊಟ್ಟಿಲ್ಲ. ಅಗ್ರಿಮೆಂಟ್ ಕೂಡ ಆಗಿಲ್ಲ. ಈ ಕಾರಣಗಳಿಂದಲೇ ನನ್ನ ಬುಕಿಂಗ್ ರದ್ದು ಮಾಡುತ್ತಿದ್ದೇನೆ, ನನ್ನ ಯಾವುದೇ ವೈಯಕ್ತಿಕ ಕಾರಣದಿಂದ ಅಲ್ಲ. ನಾನು ಪಾವತಿಸಿದ 5,00,000 ರೂಪಾಯಿಯನ್ನು ಪಾವತಿಸಿದ ದಿನದಿಂದ ಬಡ್ಡಿ ಸಹಿತ, ಈ ಪತ್ರ ತಲುಪಿದ 60 ದಿನಗಳೊಳಗೆ ಕೆಳಗಿನ ಖಾತೆಗೆ ಜಮೆ ಮಾಡಬೇಕು.’

60 ದಿನ ಅನ್ನೋದು ನಮ್ಮ ರಾಜ್ಯದ ರೇರಾ ನಿಯಮದಲ್ಲಿರುವ ಅವಧಿ. ರೇರಾ ಬಡ್ಡಿ ಅಂದ್ರೆ ಸ್ಟೇಟ್ ಬ್ಯಾಂಕ್ ಸಾಲಗಳಿಗೆ ಇಟ್ಟಿರುವ ಮೂಲ ಬಡ್ಡಿ, ಅಂದ್ರೆ ಎಂಸಿಎಲ್‌ಆರ್, ಅದರ ಅತಿ ಹೆಚ್ಚಿನ ದರದ ಮೇಲೆ 2 ಪರ್ಸೆಂಟ್. ಬಡ್ಡಿ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ, ಆದರೆ ಪತ್ರದಲ್ಲಿ ಕೇಳದೇ ಇದ್ದರೆ ಆಮೇಲೆ ಚೌಕಾಸಿಗೆ ಕೈಯಲ್ಲಿ ಏನೂ ಇರಲ್ಲ. ಬುಕಿಂಗ್ ಹಣದ ಮೇಲೆ ಜಿಎಸ್‌ಟಿ ಹಿಡಿದಿದ್ದರೆ ಅದನ್ನೂ ವಾಪಸ್ ಕೇಳಿ. ಅವರು ಕ್ರೆಡಿಟ್ ನೋಟ್, ಅಂದ್ರೆ ಹಳೇ ಬಿಲ್ಲಿನ ಮೊತ್ತ ಇಳಿಸೋ ಕಾಗದ, ಹಾಕಿ ಆ ತೆರಿಗೆ ಸರಿಮಾಡಿಕೊಳ್ಳಬಹುದು, ಅದಕ್ಕೆ ನೀವು ಹಣ ಕೊಟ್ಟ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಟೈಮ್ ಇರುತ್ತೆ. ಅದಕ್ಕೇ ತಡ ಮಾಡಬೇಡಿ ಅನ್ನೋದು.

ಒಂದು ಎಚ್ಚರಿಕೆ. ಬ್ಯಾಂಕ್ ಹೇಳದ ಕಾರಣವನ್ನು ಪತ್ರದಲ್ಲಿ ಸೇರಿಸಬೇಡಿ. ಉತ್ತರದಲ್ಲಿ ‘ಆದಾಯ ಸಾಲದು’ ಅಂತ ಬಂದರೆ ಈ ಪ್ಯಾರಾ ನಿಮಗೆ ಅಲ್ಲ. ಆಗ ಎಷ್ಟು ಕಡಿತ ಮಾಡ್ತೀರಿ ಅಂತ ಮಾತಾಡಿ ಬಗೆಹರಿಸಿಕೊಳ್ಳೋದೇ ಮೇಲು. ಸೇಲ್ಸ್‌ನವರು ‘ಪೂರ್ತಿ ರಿಫಂಡ್ ಆಗುತ್ತೆ’ ಅಂತ ವಾಟ್ಸಾಪ್‌ನಲ್ಲಿ ಬರೆದಿದ್ದರೆ ಆ ಚಾಟ್ ಆಗ ಬೆಲೆಬಾಳುತ್ತೆ, ಡಿಲೀಟ್ ಆಗೋ ಮುಂಚೆ ಪ್ರತಿ ಇಟ್ಟುಕೊಳ್ಳಿ.

ಪತ್ರವನ್ನು ಕಂಪನಿಯ ನೋಂದಾಯಿತ ಕಚೇರಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದನ್ನೇ ಇಮೇಲ್ ಕೂಡ ಮಾಡಿ. ಸೈಟ್ ಆಫೀಸಿನಲ್ಲಿ ಯಾರ ಕೈಗೋ ಕೊಟ್ಟು ಬರೋದು ಲೆಕ್ಕಕ್ಕಿಲ್ಲ, ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಬೇಕು. ಒರಿಜಿನಲ್ ರಸೀದಿಗಳು ನಿಮ್ಮ ಹತ್ತಿರವೇ ಇರಲಿ.

‘ನಿಮ್ಮ ಫ್ಲಾಟ್ ಬೇರೆಯವರಿಗೆ ಮಾರಾಟ ಆದ ಮೇಲೆ ಕೊಡ್ತೀವಿ’ ಅಂತ ಉತ್ತರ ಬರೋ ಸಾಧ್ಯತೆ ಜಾಸ್ತಿ. ಒಪ್ಪಿದರೆ ಅದಕ್ಕೆ ಕೊನೆ ಅಂತ ಇಲ್ಲ, ಫೋನಲ್ಲೂ ಒಪ್ಪಬೇಡಿ. 60 ದಿನ ದಾಟಿದರೆ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ದೂರು ಹಾಕಬಹುದು. ಆದರೆ ಆದೇಶ ಬಂತು ಅಂದ್ರೆ ಹಣ ಬಂತು ಅಂತ ಅಲ್ಲ. ಬಿಲ್ಡರ್ ಆಗಲೂ ಕೊಡದಿದ್ದರೆ ಭೂಕಂದಾಯ ಬಾಕಿಯ ಹಾಗೆ ಕಂದಾಯ ಇಲಾಖೆ ಮೂಲಕ ವಸೂಲಿ ಮಾಡಬೇಕು, ಅದು ನಿಧಾನದ ದಾರಿ. ಹಾಗಾಗಿ ನಡುವೆ ಅವರೇ ಕರೆದು 4 ಲಕ್ಷದ 75 ಸಾವಿರ ಈಗಲೇ ಕೊಡ್ತೀವಿ ಅಂದ್ರೆ, ನಾನಾಗಿದ್ದರೆ ತಗೋತಿದ್ದೆ.

ಮುಂದಿನ ತಾರೀಖಿನ ಚೆಕ್ ಕೊಟ್ಟರೆ, ಹಣ ಖಾತೆಗೆ ಬೀಳುವವರೆಗೆ ‘ಪೂರ್ಣ ಮತ್ತು ಅಂತಿಮ’ ಅನ್ನೋ ಕಾಗದಕ್ಕೆ ಸಹಿ ಹಾಕಬೇಡಿ, ಒರಿಜಿನಲ್ ರಸೀದಿನೂ ಕೊಡಬೇಡಿ. ಚೆಕ್ಕಿನ ಮೇಲಿರುವ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆಗಿದೆ ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಬಿಲ್ಡರ್‌ಗೆ ನೋಟಿಸ್ ಹೋಗಬೇಕು. ‘ಈ ವಾರ ಹಾಕಬೇಡಿ, ಮುಂದಿನ ವಾರ ಹಾಕಿ’ ಅಂತ ಫೋನ್ ಬರೋಕೆ ಶುರುವಾದ ದಿನವೇ ಆ ಮೂರು ತಿಂಗಳ ಗಡುವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.