ಶಿವ ನನ್ನ ತಮ್ಮನಿಗೆ ಯಾಕೆ ಬರಲಿಲ್ಲ?

*ಸಂಪಾದಕರೇ, ನಮ್ಮ ಸಂಘದಲ್ಲಿ ಭಾನುವಾರ ಮಕ್ಕಳಿಗೆ ಶ್ಲೋಕ, ಪುರಾಣದ ಕಥೆ ಹೇಳಿಕೊಡುತ್ತೇನೆ. ಮಾರ್ಕಂಡೇಯನ ಕಥೆ ಮುಗಿಸಿದಾಗ 8 ವರ್ಷದ ಹುಡುಗಿಯೊಬ್ಬಳು ಕೇಳಿದಳು: ‘ನಾವೂ ಪೂಜೆ ಮಾಡಿದ್ವಿ. ಶಿವ ನನ್ನ ತಮ್ಮನಿಗೆ ಯಾಕೆ ಬರಲಿಲ್ಲ?’ ಗಾಬರಿಯಲ್ಲಿ ‘ಒಳ್ಳೇ ಮಕ್ಕಳನ್ನ ದೇವರು ಬೇಗ ಕರೆಸಿಕೊಳ್ತಾನೆ’ ಅಂದುಬಿಟ್ಟೆ. ಈಗ ಕೆಲವು ಪೋಷಕರು ಸಾವಿನ ಕಥೆಯೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?*
*— ಓದುಗರೊಬ್ಬರು, ಡೊಂಬಿವಲಿ*

ಟೀಚರ್, ಪೋಷಕರ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗು ರಾತ್ರಿ ಬೆಚ್ಚಿಬಿದ್ದರೆ ಎದ್ದು ಕೂರುವವರು ಅವರೇ. ಆದರೆ ಆ ಹುಡುಗಿಗೆ ಸಾವು ನಿಮ್ಮ ಕಥೆಯಿಂದ ಬಂದದ್ದಲ್ಲ, ಮನೆಯಲ್ಲೇ ಬಂದಿತ್ತು. ಅದನ್ನು ಕೇಳಲು ಅವಳಿಗೆ ನಿಮ್ಮ ತರಗತಿಯೊಂದೇ ಸಿಕ್ಕಿತು. ನಾನು ಅವಳ ಕಡೆ.

ನಾನು ಬೆಳೆದದ್ದು ಮುಂಬೈಯಲ್ಲೇ. ಅಜ್ಜ ತೀರಿಕೊಂಡಾಗ ನನಗೆ 5 ವರ್ಷ. ನನ್ನನ್ನು ಪಕ್ಕದ ಮನೆಗೆ ಕಳಿಸಿ, ಆಮೇಲೆ ‘ಅಜ್ಜ ಊರಿಗೆ ಹೋಗಿದ್ದಾರೆ’ ಅಂದರು. ಮುಂಬೈ ಕನ್ನಡಿಗರ ಮಗುವಿಗೆ ಊರು ಅಂದರೆ ಏನು ಹೇಳಿ? ಮೇ ತಿಂಗಳಲ್ಲಿ ಬಸ್ಸು ಹತ್ತಿ ಹೋಗುವ ಜಾಗ. ಆ ಮೇಯಲ್ಲಿ ಊರಿಗೆ ಹೋದವನು ಅಜ್ಜನನ್ನು ಕೊಟ್ಟಿಗೆಯಲ್ಲೂ ತೋಟದಲ್ಲೂ ಹುಡುಕಿದೆ. ಅಲ್ಲಿ ಇಲ್ಲ ಅಂತ ಗೊತ್ತಾದ ಮೇಲೆ ಅಮ್ಮ ಏನು ಹೇಳಿದರೂ ನಂಬುವುದು ಕಷ್ಟವಾಯಿತು.

ಮಕ್ಕಳು ನಮ್ಮ ಮಾತನ್ನು ಇದ್ದ ಹಾಗೇ ತಗೊಳ್ಳುತ್ತಾರೆ. ಹಂಗೇರಿಯ ಮಕ್ಕಳ ಮಾತು, ಚಿತ್ರಗಳನ್ನು ಇಟ್ಟುಕೊಂಡು ಮರಿಯಾ ನಾಗಿ ಅನ್ನುವ ಮನೋವಿಜ್ಞಾನಿ 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 5 ವರ್ಷದೊಳಗಿನವರಿಗೆ ಸಾವು ಅಂದರೆ ನಿದ್ದೆ ಅಥವಾ ಪ್ರಯಾಣ. ಅಲ್ಲಿಂದ 9ರವರೆಗೆ ಬಹಳ ಮಕ್ಕಳಿಗೆ ಸಾವು ಒಬ್ಬ ವ್ಯಕ್ತಿ, ಬಂದು ಎತ್ತಿಕೊಂಡು ಹೋಗುವವನು. ಎಲ್ಲ ಮಕ್ಕಳೂ ಒಂದೇ ಅಳತೆಯಲ್ಲಿ ಬೆಳೆಯುವುದಿಲ್ಲ, ನಿಜ. ಆದರೂ ನಿಮ್ಮ ಹುಡುಗಿಗೆ 8. ಪಾಶ ಹಿಡಿದ ಯಮ ಅವಳಿಗೆ ನಿಜವಾಗಿಯೂ ಬಾಗಿಲಲ್ಲಿ ನಿಂತಿರಬಹುದು.

ಈಗ ಕಥೆಯನ್ನು ಅವಳ ಕಿವಿಯಿಂದ ಕೇಳಿ. ಮೃಕಂಡು ಮುನಿಗೆ ಸಿಕ್ಕಿದ ಆಯ್ಕೆ ಏನು? ಗುಣವಂತ ಮಗ ಬೇಕಾದರೆ ಆಯಸ್ಸು 16 ಮಾತ್ರ. ಆಮೇಲೆ ಆ ಹುಡುಗ ಲಿಂಗ ಅಪ್ಪಿಕೊಂಡ, ಶಿವ ಬಂದ. ಹಾಗಾದರೆ ನಾವು ಸರಿಯಾಗಿ ಅಪ್ಪಿಕೊಳ್ಳಲಿಲ್ಲವಾ? ಅವಳ ಪ್ರಶ್ನೆಯ ಒಳಗೆ ಇದೇ ಇದೆ: ತಪ್ಪು ನನ್ನದಾ? ನಿಮ್ಮ ಉತ್ತರ ಅದಕ್ಕೆ ಇನ್ನೊಂದು ಭಯ ಸೇರಿಸಿತು. ಒಳ್ಳೆಯವಳಾದರೆ ನನ್ನನ್ನೂ ಕರೆಸಿಕೊಳ್ತಾನಾ? ಬೈಯುತ್ತಿಲ್ಲ ಟೀಚರ್. ಆದರೆ ಆ ಮಾತನ್ನು ನೀವೇ ವಾಪಸ್ ತಗೊಳ್ಳಬೇಕು.

ಮುಂದಿನ ಭಾನುವಾರ ತರಗತಿಗೆ ಮುಂಚೆ ಅವಳನ್ನು ಪಕ್ಕಕ್ಕೆ ಕರೆಯಿರಿ. ‘ಅವತ್ತು ನಾನು ಹೇಳಿದ್ದು ಸರಿ ಇರಲಿಲ್ಲ ಪುಟ್ಟಿ’ ಅನ್ನಿ. ‘ನಿಂಗೇನು ಅನ್ಸುತ್ತೆ?’ ಅಂತ ಕೇಳಿ ಸುಮ್ನಿರಿ. ಅವಳು ಮಾತಾಡಲಿ. ಆಮೇಲೆ ಗೊತ್ತಿರುವುದನ್ನು ನೇರವಾಗಿ ಹೇಳಿ: ‘ತಮ್ಮನ ಮೈಗೆ ತುಂಬಾ ಹುಷಾರಿರಲಿಲ್ಲ. ಡಾಕ್ಟರಿಗೂ ವಾಸಿ ಮಾಡೋಕೆ ಆಗಲಿಲ್ಲ. ಅವನು ಸತ್ತುಹೋದ, ತಿರುಗಿ ಬರಲ್ಲ. ನಿನ್ನ ಪೂಜೆ ಕಮ್ಮಿ ಆಗಿದ್ದರಿಂದ ಅಲ್ಲ.’ ‘ಮಲಗಿದ’ ಅನ್ನಬೇಡಿ, ಅವಳಿಗೂ ನಿದ್ದೆ ಮಾಡಬೇಕಲ್ವಾ. ನಂಬಿಕೆಯನ್ನು ನಂಬಿಕೆ ಅಂತಲೇ ಹೇಳಿ: ‘ಆತ್ಮ ಸಾಯಲ್ಲ ಅಂತ ನಮ್ಮಲ್ಲಿ ತುಂಬಾ ಜನ ನಂಬ್ತಾರೆ. ಶಿವ ಯಾಕೆ ಬರಲಿಲ್ಲ ಅನ್ನೋದು ನಂಗೂ ಗೊತ್ತಿಲ್ಲ.’ ಅವತ್ತೇ ಅವಳ ಅಮ್ಮನಿಗೂ ಇದನ್ನೆಲ್ಲ ತಿಳಿಸಿ. ಮನೆಯಲ್ಲಿ ಬೇರೆ ಮಾತು, ತರಗತಿಯಲ್ಲಿ ಬೇರೆ ಮಾತು ಆಗಬಾರದು.

ಅವಳು ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ ಬೇಜಾರಾಗಬೇಡಿ, ಮಕ್ಕಳು ಹಾಗೇ ಅರಗಿಸಿಕೊಳ್ಳುವುದು. ಆದರೆ ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ, ಶಾಲೆಗೆ ಹೋಗಲ್ಲ ಅಂದರೆ, ಅದು ನಿಮ್ಮಿಂದ ಆಗುವ ಕೆಲಸವಲ್ಲ. ಮಕ್ಕಳ ಡಾಕ್ಟರಿಗೋ ಕೌನ್ಸೆಲರಿಗೋ ತೋರಿಸಲು ಹೇಳಿ.

ಕಥೆ ಬಿಡಬೇಡಿ. ಅದರ ಪಕ್ಕ ಇನ್ನೊಂದು ಇಡಿ. ಕಿಸಾಗೋತಮಿ ಸತ್ತ ಮಗುವನ್ನು ಎತ್ತಿಕೊಂಡು ಬುದ್ಧನ ಬಳಿ ಬಂದಳು. ಸಾವೇ ಆಗದ ಮನೆಯಿಂದ ಸಾಸಿವೆ ತಾ ಅಂದ ಬುದ್ಧ. ಮನೆಮನೆ ತಿರುಗಿದಳು, ಸಿಗಲಿಲ್ಲ. ಅಲ್ಲಿ ಯಾರ ಭಕ್ತಿಯೂ ಕಮ್ಮಿ ಬಿದ್ದಿರಲಿಲ್ಲ. ಕಠೋಪನಿಷತ್ತಿನ ನಚಿಕೇತನೂ ಸಣ್ಣ ಹುಡುಗನೇ. ಸತ್ತ ಮೇಲೆ ಏನು ಅಂತ ಕೇಳಿದಾಗ ಯಮ ಗದರಲಿಲ್ಲ. ದೇವತೆಗಳಿಗೂ ಇದರಲ್ಲಿ ಸಂಶಯವಿತ್ತು ಅಂದ. ದನ, ಆನೆ, ಚಿನ್ನ ಕೊಡ್ತೀನಿ, ಬೇರೆ ಏನಾದರೂ ಕೇಳು ಅಂದ. ಹುಡುಗ ಒಪ್ಪಲಿಲ್ಲ.

ಆ ಹುಡುಗನ ಕಥೆ ಓದುವ ನಾವು ನಮ್ಮ ಭಾನುವಾರದ ತರಗತಿಗಳನ್ನು ಏನು ಮಾಡಿಟ್ಟಿದ್ದೇವೆ? ಸರ್ಕಾರದ ಹಣದಲ್ಲೇ ನಡೆಯುವ ಶಾಲೆಗಳಲ್ಲಿ ಧರ್ಮದ ಪಾಠ ಇಲ್ಲ, ಸಂವಿಧಾನದ 28ನೇ ವಿಧಿ ಹಾಗೆ ಹೇಳುತ್ತದೆ. ಹಾಗಾಗಿ ಎಷ್ಟೋ ಮಕ್ಕಳಿಗೆ ಸಿಗುವುದು ಸಂಘ, ದೇವಸ್ಥಾನಗಳ ಆ ಒಂದು ಗಂಟೆ. ಅದನ್ನೂ ವಾರ್ಷಿಕೋತ್ಸವದ ಕಂಠಪಾಠಕ್ಕೆ ಸುರಿಯುತ್ತೇವೆ. ತಪ್ಪಿಲ್ಲದೆ ಶ್ಲೋಕ ಒಪ್ಪಿಸಿದವರಿಗೆ ಸ್ಟೀಲ್ ಡಬ್ಬಿ ಬಹುಮಾನ. ಪ್ರಶ್ನೆ ಕೇಳಿದವರಿಗೆ ‘ಸುಮ್ನೆ ಕೂತ್ಕೋ’. ನಿಮ್ಮ ಹುಡುಗಿ ಇನ್ನೂ ಕೇಳುತ್ತಿದ್ದಾಳೆ. ಅವಳು ಮುಂದಿನ ವಾರ ಏನು ಹೇಳಿದಳು ಅಂತ ನನಗೆ ಬರೆಯಿರಿ.