ಸ್ಲ್ಯಾಕ್ ಬಸ್ಸಿನ ಮುಂದಿದ್ದ ಮೈನಸ್

ಪ್ರಶ್ನೆ: ಲೋಡ್ ಫ್ಲೋನಲ್ಲಿ ಸ್ಲ್ಯಾಕ್, ಪಿವಿ, ಪಿಕ್ಯೂ ಬಸ್ ಟೇಬಲ್ ಎಷ್ಟು ಉರು ಹೊಡೆದರೂ ಮರೆತುಹೋಗುತ್ತೆ. ಗಾಸ್-ಸೈಡೆಲ್ ಬಿಟ್ಟು ನೇರ ನ್ಯೂಟನ್-ರಾಫ್ಸನ್‌ಗೆ ಹೋಗಬಹುದಾ? ನನ್ನ ಪ್ರೋಗ್ರಾಮ್ ಹೇಗೂ ಕನ್ವರ್ಜ್ ಆಗ್ತಿದೆ.

‘ಹೇಗೂ ಕನ್ವರ್ಜ್ ಆಗ್ತಿದೆ’ ಅಂದಿರಲ್ಲ, ಅದನ್ನು ಓದಿ ನನಗೆ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ನಂದೂ ಆಗಿತ್ತು. ಚೆನ್ನಾಗಿಯೇ ಆಗಿತ್ತು.

ಫೈನಲ್ ಇಯರ್ ಪ್ರಾಜೆಕ್ಟ್, ಐದು ಬಸ್ಸಿನ ಲೋಡ್ ಫ್ಲೋ. ವಿಜಯನಗರದ ಪಿಜಿಯಲ್ಲಿ ರಾತ್ರಿ ಎರಡು ಗಂಟೆಗೆ ಪ್ರೋಗ್ರಾಮ್ ಓಡಿತು. ಏಳೆಂಟು ಸುತ್ತಿಗೆ ವೋಲ್ಟೇಜುಗಳೆಲ್ಲ ನಿಂತವು. ಖುಷಿಯೋ ಖುಷಿ. ಒಂದೇ ಒಂದು ಕಿರಿಕಿರಿ: ಸ್ಲ್ಯಾಕ್ ಬಸ್ಸಿನ ಪವರ್ ಮೈನಸ್ ಬಂದಿತ್ತು. ‘ಸೈನ್ ಕನ್ವೆನ್ಷನ್ ಇರಬೇಕು ಬಿಡು’ ಅಂದುಕೊಂಡು ರಿಪೋರ್ಟಿನಲ್ಲಿ ಆ ಮೈನಸ್ಸನ್ನು ಕೈಯಾರೆ ಅಳಿಸಿದೆ. ನಾಲ್ಕು ಕಾಪಿ ಬೈಂಡಿಂಗೂ ಆಯಿತು.

ವೈವಾಗೆ ಬಂದ ಎಕ್ಸ್‌ಟರ್ನಲ್ ಮೇಡಂ ರಿಪೋರ್ಟು ತಿರುವಿ ಹಾಕಿ, ಒಂದು ಪುಟದ ಮೇಲೆ ಬೆರಳಿಟ್ಟರು. ‘ಇದು ಲೋಡ್ ಬಸ್ ತಾನೇ? ಇದರ ಆ್ಯಂಗಲ್ ಸ್ಲ್ಯಾಕ್‌ಗಿಂತ ಮುಂದಿದೆಯಲ್ಲಪ್ಪ. ಕರೆಂಟು ಊರಿಂದ ಪವರ್ ಹೌಸಿಗೆ ಹೋಗ್ತಿದೆಯಾ?’ ನಾನು ಸುಮ್ನೆ ನಿಂತೆ. ಪ್ರಾಜೆಕ್ಟು ವಾಪಸ್ ಬಂತು, ವೈವಾ ಇನ್ನೊಂದು ಸಲ ಕೊಡಬೇಕಾಯಿತು.

ತಪ್ಪು ಇಷ್ಟೇ. ಲೋಡ್ ಬಸ್ಸಿಗೆ P, Q ಕೊಡುವಾಗ ಅದು ನೆಟ್‌ವರ್ಕಿನ *ಒಳಗೆ* ಹೋಗುವ ಪವರ್ ಆಗಿರಬೇಕು. ಲೋಡು ಪವರ್ ಎಳೆದುಕೊಳ್ಳುತ್ತದೆ, ಹಾಗಾಗಿ ಎರಡೂ ಮೈನಸ್. ನಾನು ಪ್ಲಸ್ ಕೊಟ್ಟಿದ್ದೆ. ಅಂದರೆ ಊರಲ್ಲಿದ್ದ ಲೋಡುಗಳೆಲ್ಲ ನನ್ನ ಪ್ರೋಗ್ರಾಮಿನ ಕಣ್ಣಿಗೆ ಜನರೇಟರುಗಳು.

ಎರಡೇ ಬಸ್ ಇಟ್ಟುಕೊಂಡು ತೋರಿಸುತ್ತೇನೆ. ಬಸ್ 1 ಸ್ಲ್ಯಾಕ್, ವೋಲ್ಟೇಜ್ 1.0, ಆ್ಯಂಗಲ್ ಸೊನ್ನೆ. ಮಧ್ಯೆ ಒಂದು ಲೈನು, ಇಂಪಿಡೆನ್ಸ್ j0.1 ಪರ್ ಯೂನಿಟ್. ಬಸ್ 2ರಲ್ಲಿ ಲೋಡ್ 1 + j0.5. ಬೇಸ್ 100 ಎಂವಿಎ, 220 ಕೆವಿ ಅಂತಿಟ್ಟುಕೊಂಡರೆ ಲೋಡು 100 ಮೆಗಾವ್ಯಾಟ್.

ಲೋಡಿನಲ್ಲಿ ಎಷ್ಟು ಕರೆಂಟು ಅಂತ ಗೊತ್ತಿದ್ದರೆ ಇದು ಬರೀ ಸರ್ಕ್ಯೂಟ್ ಲೆಕ್ಕ. ಆದರೆ ನಮಗೆ ಗೊತ್ತಿರುವುದು ಪವರ್. ಕರೆಂಟು ಬೇಕೆಂದರೆ ಪವರನ್ನು ವೋಲ್ಟೇಜಿನಿಂದ ಭಾಗಿಸಬೇಕು, ಆ ವೋಲ್ಟೇಜೇ ನಾವು ಹುಡುಕುತ್ತಿರುವುದು! ಸಮೀಕರಣದ ಎರಡೂ ಕಡೆ V2 ಕೂತಿರುತ್ತದೆ. ಗಾಸ್-ಸೈಡೆಲ್ ಮಾಡುವುದು ಏನು ಅಂದರೆ, ಬಲಗಡೆ ಒಂದು ಅಂದಾಜು ಹಾಕಿ, ಎಡಗಡೆ ಬಂದದ್ದನ್ನು ಮತ್ತೆ ಬಲಗಡೆಗೆ ಹಾಕುವುದು. ಬಸ್ಸುಗಳು ಜಾಸ್ತಿ ಇದ್ದರೆ, ಬಸ್ 2ರ ಹೊಸ ಬೆಲೆ ಸಿಕ್ಕಿದ ಕೂಡಲೇ ಬಸ್ 3ರ ಲೆಕ್ಕಕ್ಕೆ ಅದನ್ನೇ ಬಳಸುತ್ತೀರಿ, ಸುತ್ತು ಮುಗಿಯಲಿ ಅಂತ ಕಾಯುವುದಿಲ್ಲ. ಸೈಡೆಲ್ ಸೇರಿಸಿದ್ದು ಅಷ್ಟೇ.

```
V2 = 1;
S2 = -(1 + 0.5j);
for k = 1:4
  V2 = 1 + 0.1j*conj(S2)/conj(V2)
end
```

ಮೊದಲ ಸುತ್ತಿಗೆ 0.95 - j0.1 ಬರುತ್ತದೆ. ಎರಡನೆಯದಕ್ಕೆ 0.9370 - j0.0986. ನಾಲ್ಕನೆಯ ಸುತ್ತಿಗೆ 0.9359 - j0.1000, ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು. ಅಂದರೆ 0.941 ವೋಲ್ಟೇಜು, ಸುಮಾರು 207 ಕೆವಿ. ಆ್ಯಂಗಲ್ 6.1 ಡಿಗ್ರಿ ಹಿಂದೆ. ಲೋಡು ಅಂದಮೇಲೆ ಹಾಗೇ ಇರಬೇಕು.

ಈಗ ಎರಡನೇ ಸಾಲಿನ ಮೈನಸ್ ತೆಗೆಯಿರಿ. ಇದೇ ನನ್ನ ಪ್ರಾಜೆಕ್ಟು. 1.0385 + j0.1ಕ್ಕೆ ಹೋಗಿ ನಿಲ್ಲುತ್ತದೆ. ಸುಮಾರು 229.5 ಕೆವಿ, ಆ್ಯಂಗಲ್ ಮುಂದೆ, ಸ್ಲ್ಯಾಕ್ ಪವರ್ -1. ತಮಾಷೆ ಏನು ಗೊತ್ತಾ? ತಪ್ಪು ಉತ್ತರ ಸರಿ ಉತ್ತರಕ್ಕಿಂತ ಬೇಗ ಕನ್ವರ್ಜ್ ಆಗುತ್ತದೆ. ಇಲ್ಲಿ ಪ್ರತಿ ಸುತ್ತಿಗೂ ದೋಷ ಹಿಂದಿನದರ |S|·x/|V|² ಪಟ್ಟು ಆಗುತ್ತದೆ, x ಅಂದರೆ ಲೈನಿನ ಆ 0.1. ಸರಿ ಲೆಕ್ಕದಲ್ಲಿ ಅದು 0.126, ತಪ್ಪಿನಲ್ಲಿ 0.103. ವೋಲ್ಟೇಜು ಮೇಲಿದ್ದಷ್ಟೂ ಸುಲಭ. ಮಿಸ್‌ಮ್ಯಾಚ್ ನೋಡಿದರೂ ಸಿಕ್ಕಿಬೀಳುವುದಿಲ್ಲ. ಮಿಸ್‌ಮ್ಯಾಚ್ ಹೋಲಿಸುವುದು ನೀವೇ ಕೊಟ್ಟ P, Q ಜೊತೆಗೆ. ಕೊಟ್ಟದ್ದೇ ತಪ್ಪಾದರೆ ಅದೇನು ಮಾಡೀತು?

ನ್ಯೂಟನ್-ರಾಫ್ಸನ್‌ಗೆ ಹಾರಿದರೂ ಇದೇ ಕಥೆ. ಅದು ನಾಲ್ಕೈದು ಸುತ್ತಿನಲ್ಲಿ ಇದೇ ತಪ್ಪು ಉತ್ತರ ಕೊಡುತ್ತದೆ. ದೊಡ್ಡ ನೆಟ್‌ವರ್ಕಿಗೆ ಗಾಸ್-ಸೈಡೆಲ್ ನಿಧಾನ, ನಿಜ. ಬಸ್ ಹೆಚ್ಚಿದಂತೆ ಸುತ್ತುಗಳೂ ಹೆಚ್ಚುತ್ತವೆ. ಕೆಲಸಕ್ಕೆ ಸೇರಿದಮೇಲೆ ಅದನ್ನು ನಾನೂ ಮುಟ್ಟಿಲ್ಲ. ಆದರೆ ಕಲಿಯುವಾಗ ಪೆನ್ನು ಹಿಡಿದು ಒಂದೊಂದು ಸುತ್ತು ನೋಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಹಾಗಾಗಿ ‘ಯಾವ ವಿಧಾನ’ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ.

ಟೇಬಲ್ ಉರು ಹೊಡೆಯುವುದನ್ನೂ ಬಿಡಿ. ಪ್ರತಿ ಬಸ್ಸಿಗೂ ನಾಲ್ಕು ಸಂಗತಿ: P, Q, ವೋಲ್ಟೇಜ್, ಆ್ಯಂಗಲ್. ಸಮೀಕರಣ ಎರಡು. ಎರಡು ಗೊತ್ತಿರಲೇಬೇಕು. ಆ ಜಾಗದಲ್ಲಿ ನಿಂತು, ಇಲ್ಲಿ ಯಾವ ಎರಡು ನನ್ನ ಕೈಯಲ್ಲಿದೆ ಅಂತ ಕೇಳಿಕೊಳ್ಳಿ. ಊರಿನ ಸಬ್‌ಸ್ಟೇಷನ್ನಿನಲ್ಲಿ ಜನ ಎಷ್ಟು ಎಳೆಯುತ್ತಾರೆ ಅನ್ನುವುದು ಗೊತ್ತು, ಅದು ಪಿಕ್ಯೂ. ಪವರ್ ಹೌಸಿನಲ್ಲಿ ಟರ್ಬೈನಿಗೆ ಬಿಡುವ ನೀರು ಅಥವಾ ಸ್ಟೀಮಿನಿಂದ P ಹಿಡಿಯುತ್ತೀರಿ, ಎಕ್ಸೈಟೇಷನ್ನಿನಿಂದ ವೋಲ್ಟೇಜು ಹಿಡಿಯುತ್ತೀರಿ, ಅದು ಪಿವಿ. ಅಲ್ಲಿ ಪ್ರತಿ ಸುತ್ತಿಗೂ Q ಲೆಕ್ಕ ಹಾಕಬೇಕು. ಹೊಸ ಆ್ಯಂಗಲ್ ಇಟ್ಟುಕೊಂಡು, ವೋಲ್ಟೇಜಿನ ಅಳತೆಯನ್ನು ಕೊಟ್ಟ ಬೆಲೆಗೇ ವಾಪಸ್ ತರಬೇಕು. Q ಜನರೇಟರಿನ ಮಿತಿ ದಾಟಿದರೆ ಆ ಸುತ್ತಿಗೆ ಅದು ಪಿಕ್ಯೂ.

ಸ್ಲ್ಯಾಕ್ ಅಂದರೆ ದರ್ಶಿನಿಯಲ್ಲಿ ‘ನೀವೆಲ್ಲ ಇಷ್ಟಿಷ್ಟು ಕೊಡಿ, ಉಳಿದದ್ದು ನಂದು’ ಅನ್ನುವ ಗೆಳೆಯ. ಲೈನಿನ ನಷ್ಟ ಎಷ್ಟು ಅಂತ ಲೆಕ್ಕ ಮುಗಿಯುವವರೆಗೂ ತಿಳಿಯುವುದಿಲ್ಲ, ಅದನ್ನು ಯಾರಾದರೂ ತುಂಬಬೇಕಲ್ವಾ? ನಮ್ಮ ಉದಾಹರಣೆಯಲ್ಲಿ ಲೋಡು ಕೇಳಿದ Q 0.5, ಆದರೆ ಸ್ಲ್ಯಾಕ್ ಕೊಟ್ಟಿದ್ದು 0.641. ಮಿಕ್ಕ 0.141 ಲೈನೇ ತಿಂದಿದೆ. ಆ ಗೆಳೆಯನೇ ನಿಮ್ಮ ಹತ್ತಿರ ದುಡ್ಡು ಇಸ್ಕೊಳ್ಳೋಕೆ ಶುರುಮಾಡಿದರೆ, ಬಿಲ್ಲು ಮತ್ತೊಮ್ಮೆ ನೋಡಬೇಕು. ನಾನು ಅಳಿಸಿದ ಮೈನಸ್ ಹೇಳುತ್ತಿದ್ದುದು ಅದನ್ನೇ.

ಇನ್ನು ಕನ್ವರ್ಜ್ ಆಗದಿದ್ದಾಗ ಪ್ರೋಗ್ರಾಮನ್ನೇ ಬಯ್ಯಬೇಡಿ. ಮೇಲಿನ ಕೋಡಿನಲ್ಲಿ S2 ಅನ್ನು 3 ಪಟ್ಟು ಮಾಡಿ, ಸುತ್ತು 50 ಮಾಡಿ. ತೆವಳುತ್ತಾ ತೆವಳುತ್ತಾ 0.6 - j0.3ಕ್ಕೆ ಬರುತ್ತದೆ, ಪ್ರತಿ ಸುತ್ತಿಗೂ ದೋಷ ಮುಕ್ಕಾಲು ಪಾಲು ಉಳಿಯುತ್ತದೆ. ಈಗ 3.2 ಪಟ್ಟು ಮಾಡಿ ನೋಡಿ. ಎಷ್ಟು ಸುತ್ತು ಕೊಟ್ಟರೂ ನಿಲ್ಲುವುದಿಲ್ಲ. ಆ ಲೈನಿನಲ್ಲಿ ಈ ಪವರ್ ಫ್ಯಾಕ್ಟರಿಗೆ ಸುಮಾರು 3.09 ಪಟ್ಟಿನ ಮೇಲೆ ಪವರ್ ಸಾಗಿಸಲು ಆಗುವುದೇ ಇಲ್ಲ. ಅಲ್ಲಿ ಉತ್ತರವೇ ಇಲ್ಲ.