ಕರಾರಿನ ನಡುವೆ ಬಾಡಿಗೆ ಏರಿಸಿದರೆ ಏನಂತ ಉತ್ತರಿಸಬೇಕು?

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಬಾಡಿಗೆಗಿದ್ದೇವೆ. ಆಗಸ್ಟ್ 1ರಿಂದ 11 ತಿಂಗಳ ಕರಾರು, ಬಾಡಿಗೆ 9,000 ರೂ. ಜನವರಿ 18ಕ್ಕೆ ಓನರ್ ನನ್ನ ಹೆಂಡತಿ ಫೋನಿಗೆ ‘ಮುಂದಿನ ತಿಂಗಳಿಂದ 12,000 ಕೊಡಿ, ಇಲ್ಲಾಂದ್ರೆ ಖಾಲಿ ಮಾಡಿ’ ಅಂತ ವಾಟ್ಸಾಪ್ ಹಾಕಿದ್ದಾರೆ. ಕರಾರು ಮುಂದುವರಿಸುವಾಗ ಶೇ 5 ಏರಿಕೆ ಅಂತಷ್ಟೇ ಬರೆದಿದೆ. ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ಜಗಳ ಬೇಡ, ಆದರೆ ಒಪ್ಪೋಕೂ ಆಗಲ್ಲ. ಏನಂತ ಬರೆಯಲಿ?

ಉತ್ತರ: ಮೊದಲು ಕರಾರಿನಲ್ಲಿ ನೋಟಿಸ್ ಷರತ್ತು ಇದೆಯೇ ನೋಡಿ. ಅವಧಿ ಮುಗಿಯುವ ಮುನ್ನವೇ ಇಂತಿಷ್ಟು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು ಎಂದಿದ್ದರೆ, ಓನರ್ ಆ ದಾರಿ ಹಿಡಿಯಬಹುದು. ಆದರೆ ನಿಮ್ಮ ಒಪ್ಪಿಗೆ ಇಲ್ಲದೆ ಜೂನ್ 30ರ ತನಕ ಬಾಡಿಗೆ ಏರಿಸುವಂತಿಲ್ಲ.

ಸ್ಕ್ರೀನ್‌ಶಾಟ್‌ನಲ್ಲಿ ಓನರ್ ನಂಬರ್, ತಾರೀಖು ಕಾಣಬೇಕು. ಅದೇ ದಿನ ತೆಗೆದದ್ದಾದರೆ ತಾರೀಖಿನ ಜಾಗದಲ್ಲಿ ‘ಇಂದು’ ಎಂದಷ್ಟೇ ಬಂದಿರುತ್ತದೆ, ಇನ್ನೊಮ್ಮೆ ತೆಗೆಯಿರಿ. ಮೂಲ ಮೆಸೇಜನ್ನು ಹೆಂಡತಿಯ ಫೋನಿನಿಂದ ಅಳಿಸಬೇಡಿ. ಕರಾರು ನಿಮ್ಮ ಹೆಸರಿನಲ್ಲಿದ್ದರೆ ಉತ್ತರ ನಿಮ್ಮ ನಂಬರಿನಿಂದಲೇ ಹೋಗಲಿ:

‘ನಮಸ್ಕಾರ ಸರ್. ಜನವರಿ 18ರಂದು ನನ್ನ ಪತ್ನಿಗೆ ನೀವು ಕಳಿಸಿದ ಮೆಸೇಜ್ ನೋಡಿದೆ, ಸ್ಕ್ರೀನ್‌ಶಾಟ್ ಜೊತೆಗಿದೆ. ನಮ್ಮ ಕರಾರು ಜೂನ್ 30ರವರೆಗೆ ಇದೆ, ಬಾಡಿಗೆ 9,000 ರೂ. ಹಾಗಾಗಿ ಫೆಬ್ರವರಿಯಿಂದ 12,000ಕ್ಕೆ ನನ್ನ ಒಪ್ಪಿಗೆ ಇಲ್ಲ. ಎಂದಿನಂತೆ 5ನೇ ತಾರೀಖಿನೊಳಗೆ 9,000 ನಿಮ್ಮ ಖಾತೆಗೆ ಹಾಕುತ್ತೇನೆ. ಕರಾರು ಮುಂದುವರಿಸುವುದಾದರೆ ಜುಲೈನಿಂದ ಶೇ 5 ಸೇರಿಸಿ 9,450 ಕೊಡುತ್ತೇನೆ. ಮೇ ತಿಂಗಳಲ್ಲಿ ಕೂತು ಮಾತಾಡೋಣ.’

ನೋಟಿಸ್ ಷರತ್ತು ಇದ್ದರೂ ಈ ಮಾತುಗಳು ನಿಲ್ಲುತ್ತವೆ. ‘ಕಷ್ಟ ಇದೆ ಸರ್, ಸ್ವಲ್ಪ ನೋಡಿ’ ಎಂದು ಸೇರಿಸಬೇಡಿ. ಕರಾರಿನ ಮಾತು ಅಲ್ಲಿಗೆ ಚೌಕಾಸಿಯಾಗುತ್ತದೆ. ‘ನೋಡೋಣ ಸರ್’ ಇನ್ನೂ ಕೆಟ್ಟದ್ದು, ಅದನ್ನು ಒಪ್ಪಿಗೆ ಎಂದೇ ಓದಬಹುದು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂದು ಹೆದರಿಸಲೂ ಹೋಗಬೇಡಿ. ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಓನರ್ ವಕೀಲರನ್ನು ಕೇಳಿದರೆ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ನಿಮ್ಮ ಕೈಲಿರುವ ಗಟ್ಟಿ ಆಧಾರ ಕರಾರು ಪತ್ರವೇ.

9,450ರ ಲೆಕ್ಕಕ್ಕೂ ಒಂದು ಮಿತಿ ಇದೆ. ಕರಾರು ಮುಂದುವರಿದರೆ ಮಾತ್ರ ಆ ಶೇ 5. ಜೂನ್ ನಂತರ ಬೇಡ ಎನ್ನುವ ಹಕ್ಕು ಓನರ್‌ಗೂ ಇದೆ, ಆದ್ದರಿಂದ ಮೇ ತಿಂಗಳ ಮಾತುಕತೆಯನ್ನು ಮುಂದೂಡಬೇಡಿ.

ಓನರ್ ಫೋನ್ ಮಾಡಿದರೆ ಮಾತಾಡಿ. ಇಟ್ಟ ಮೇಲೆ ‘ಈಗ ಮಾತಾಡಿದಂತೆ ಜೂನ್‌ವರೆಗೆ 9,000’ ಎಂದು ಒಂದು ಸಾಲು ಹಾಕಿ. ಅವರು ಒಪ್ಪದಿದ್ದರೆ ಹಾಗೆಂದೇ ಬರೆಯಿರಿ. ಜಗಳ ಬೇಡವೆಂದು ಒಂದು ತಿಂಗಳಿಗೆ 12,000 ಹಾಕಿಬಿಟ್ಟರೆ, ನೀವು ಒಪ್ಪಿದ್ದೀರಿ ಎನ್ನಲು ಅದೊಂದೇ ಸಾಕು. ಸಿಟ್ಟಿನಲ್ಲಿ ‘ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ’ ಎಂದು ಬಾಡಿಗೆ ನಿಲ್ಲಿಸಿದರೆ ಬಾಕಿದಾರ ನೀವೇ ಆಗುತ್ತೀರಿ. ಹಣ ಹಾಕುವಾಗ ‘ಫೆಬ್ರವರಿ ಬಾಡಿಗೆ’ ಎಂದು ನಮೂದಿಸಿ. ಅವರು ವಾಪಸ್ ಹಾಕಿದರೆ ಆ 9,000 ಮುಟ್ಟದೆ ಖಾತೆಯಲ್ಲೇ ಇಟ್ಟು, ‘ಬಾಡಿಗೆ ಹಾಕಿದ್ದೆ, ವಾಪಸ್ ಬಂದಿದೆ, ಕೇಳಿದ ದಿನ ಮತ್ತೆ ಹಾಕುತ್ತೇನೆ’ ಎಂದು ಅದೇ ದಿನ ತಿಳಿಸಿ.